ಮಗಳ ಹದಿನೇಳಕ್ಕೊಂದು ತಬಲಾ

ನನ್ನ ಮಗಳಿಗೆ ಹದಿನಾರು ತುಂಬಿದಾಗ ನಾನು ಕೊಟ್ಟ ಉಡುಗೊರೆ ಎರಡು ವಾರ ಬಾಳಲಿಲ್ಲ. ಸಿಂಧನೂರಿನ ಬಸ್ ನಿಲ್ದಾಣದ ಹತ್ತಿರ ತಳ್ಳುಗಾಡಿಯಲ್ಲಿ ಕೊಂಡ ಇಯರ್‌ಬಡ್ ಅದು, ವೈರಿಲ್ಲದ್ದು, ಬಿಳಿ ಡಬ್ಬಿಯಲ್ಲಿ ಎರಡು ಹುಣಸೆಬೀಜದ ಹಾಗೆ ಕೂತಿದ್ದವು. ಹನ್ನೆರಡನೇ ದಿನಕ್ಕೆ ಎಡಗಿವಿಯದು ಸತ್ತಿತು. ಬಲಗಿವಿಯದು ಗೊರಗೊರ ಎನ್ನತೊಡಗಿತು. ಗಾಡಿಯವನನ್ನು ಹುಡುಕಿಕೊಂಡು ಹೋದರೆ ಅಲ್ಲಿ ಬೇರೆ ಯಾರೋ ಸೀತಾಫಲ ಮಾರುತ್ತಿದ್ದರು.

ನಾನು ಗಾಡಿಯವನನ್ನು ಬೈಯುತ್ತಾ ಮನೆಗೆ ಬಂದೆ. ಮಗಳು ಬೈಯಲಿಲ್ಲ. ಅವಳು ಕೇಳಿದ್ದು ಒಂದೇ ಮಾತು.

"ಖರೆ ಹೇಳು ಬೇ. ಇದನ್ನ ನಾ ಹಾಡು ಕೇಳ್ಲಿ ಅಂತ ತಂದಿದ್ದಿಯೋ, ಮನಿಯಾಗ ಸಪ್ಪಳ ಆಗಬಾರದು ಅಂತ ತಂದಿದ್ದಿಯೋ?"

ಅವಳು ಎರಡನೆಯದಾಗಿ ಹೇಳಿದ್ದೇ ನಿಜವಾಗಿತ್ತು.

ಮಸ್ಕಿಯಲ್ಲಿ ನಮ್ಮದು ಎರಡು ಕೋಣೆಯ ಮನೆ, ಹಿಂದೆ ಜೋಳದ ಚೀಲ ಇಡುವ ಒಂದು ಕತ್ತಲೆ ಕೋಣೆ. ನಾನು ಜೋಳದ ರೊಟ್ಟಿ ಬಡಿದು ಖಾನಾವಳಿಗಳಿಗೆ ಕೊಡುತ್ತೇನೆ. ನನ್ನ ಗಂಡ ಸಿಂಧನೂರಿನ ಅಕ್ಕಿ ಗಿರಣಿಯೊಂದರಲ್ಲಿ ಮಷಿನ್ ನೋಡಿಕೊಳ್ಳುತ್ತಾರೆ, ದಿನಾ ಬಸ್ಸಿಗೆ ಹೋಗಿ ಬರುತ್ತಾರೆ. ಅತ್ತೆ ನಮ್ಮ ಜೊತೆಗೇ ಇದ್ದಾರೆ. ಈ ಮನೆಯಲ್ಲಿ ಒಬ್ಬಳೇ ಮಗಳು, ಮತ್ತು ಅವಳ ಕೈ ಒಂದು ಗಳಿಗೆಯೂ ಸುಮ್ಮನಿರುತ್ತಿರಲಿಲ್ಲ. ಪುಸ್ತಕದ ರಟ್ಟು, ಹಿಟ್ಟಿನ ಡಬ್ಬ, ಬಾಗಿಲಿನ ಚೌಕಟ್ಟು, ಬಸ್ಸಿನ ಮುಂದಿನ ಸೀಟಿನ ಕಂಬಿ, ಏನು ಸಿಕ್ಕರೂ ಬೆರಳು ಆಡುತ್ತಿದ್ದವು. ನಾನು ರೊಟ್ಟಿ ಬಡಿಯುವಾಗ ಎದುರು ಕೂತು, "ಅವ್ವ, ನೀ ಐದನೇ ಪೆಟ್ಟಿಗೆ ಬಂದಾಗ ನಿಧಾನ ಆಗ್ತಿ ನೋಡು. ಎಂಟೂ ಪೆಟ್ಟು ಒಂದ ಸಮ ಬರಬೇಕು" ಎಂದು ತಿದ್ದುತ್ತಿದ್ದಳು. ಒಲೆಯ ಮುಂದೆ ಕೂತವಳಿಗೆ ಯಾರಾದರೂ ಲೆಕ್ಕ ಹೇಳಿಕೊಟ್ಟರೆ ಎಷ್ಟು ಸಿಟ್ಟು ಬರುತ್ತದೆ ಎಂಬುದು ಒಲೆಯ ಮುಂದೆ ಕೂತವರಿಗೇ ಗೊತ್ತು.

ಇದು ಎಲ್ಲಿಂದ ಹತ್ತಿತು ಎಂದರೆ, ಓಣಿಯ ಮಠದಿಂದ. ಸೋಮವಾರದ ಭಜನೆಗೆ ಅತ್ತೆಯ ಜೊತೆ ಹೋಗುತ್ತಿದ್ದವಳು ತಬಲಾ ಬಾರಿಸುವ ಹಿರಿಯರ ಪಕ್ಕಕ್ಕೆ ಹೋಗಿ ಕೂರುತ್ತಿದ್ದಳು. ಅವರು ಅವಳ ಕೈಗೆ ಸಣ್ಣ ಸುತ್ತಿಗೆ ಕೊಟ್ಟು, ತಬಲಾದ ಅಂಚಿಗೆ ಎಲ್ಲಿ ಬಡಿದರೆ ಸುರ ಏರುತ್ತದೆ, ಎಲ್ಲಿ ಬಡಿದರೆ ಇಳಿಯುತ್ತದೆ ಎಂದು ತೋರಿಸಿದ್ದರು. ಭಜನೆ ಮುಗಿದ ಮೇಲೆ ಹತ್ತು ನಿಮಿಷ ಬಾರಿಸಲು ಬಿಡುತ್ತಿದ್ದರು. ಆಮೇಲೆ ಅವರು ಊರು ಬಿಟ್ಟು ಮಗನ ಮನೆಗೆ ಹೋದರು, ತಬಲಾವೂ ಅವರ ಜೊತೆಗೇ ಹೋಯಿತು. ಮಠದಲ್ಲಿ ಉಳಿದದ್ದು ಹಾರ್ಮೋನಿಯಂ ಮತ್ತು ತಾಳ. ಮನೆಯಲ್ಲಿ ಉಳಿದದ್ದು ನನ್ನ ಫೋನು. ಅದರಲ್ಲಿ ಪಾಠದ ವಿಡಿಯೊ ಹಾಕಿಕೊಂಡು, ಹಿಟ್ಟಿನ ಡಬ್ಬ ಬೋರಲು ಹಾಕಿ, ಅದರ ಮೇಲೆ ಹಳೆಯ ಸೈಕಲ್ ಟ್ಯೂಬಿನ ತುಂಡು ಬಿಗಿದು ಬಾರಿಸುತ್ತಿದ್ದಳು.

ಹದಿನೇಳು ಹತ್ತಿರ ಬಂತು. ಈ ಸಲ ತಪ್ಪಬಾರದು ಎಂದುಕೊಂಡೆ. ಆದರೆ ಅವಳನ್ನೇ ಕೇಳುವ ಬದಲು ಉಳಿದವರನ್ನೆಲ್ಲ ಕೇಳಿದೆ. ಅತ್ತೆ ಬೆಳ್ಳಿ ಕಾಲ್ಗೆಜ್ಜೆ ಎಂದರು. ಗಂಡ, ಒಂದು ಫೋನ್ ಕೊಡಿಸೋಣ, ಎಲ್ಲಿದ್ದಾಳೆ ಅಂತಾದರೂ ಗೊತ್ತಾಗುತ್ತದೆ ಎಂದರು. ಪಕ್ಕದ ಮನೆಯಾಕೆ, ಹೊಳೆಯುವ ದೀಪ ಇರುವ ದೊಡ್ಡ ಸ್ಪೀಕರ್ ಬಂದಿದೆ, ನಮ್ಮ ತಮ್ಮನ ಮನೆಯಲ್ಲಿದೆ ಎಂದಳು. ಪ್ರತಿಯೊಬ್ಬರೂ ತಮಗೆ ಬೇಕಾದದ್ದನ್ನೇ ಹೇಳುತ್ತಿದ್ದರು. ನಾನು ಮಾತ್ರ ಬೇರೆಯವಳಾಗಿದ್ದೆನೇ? ನನಗೆ ಬೇಕಾಗಿದ್ದದ್ದು ಶಾಂತಿ. ಅದನ್ನೇ ಹೋದ ವರ್ಷ ಬಿಳಿ ಡಬ್ಬಿಯಲ್ಲಿ ಹಾಕಿ ಕೊಟ್ಟಿದ್ದೆ.

ಒಂದು ದಿನ ಅವಳ ಕಾಲೇಜಿನ ರಫ್ ಪುಸ್ತಕದ ಹಿಂದಿನ ಪುಟದಲ್ಲಿ ಬರೆದದ್ದನ್ನು ನೋಡಿದೆ. ಎರಡು ಬಗೆಯ ಬರಹ. ಮೇಲೆ ಧಾ ಗೆ ನಾ ತಿ, ನಾ ಕೆ ಧಿ ನಾ ಎಂದು ತಬಲಾದ ಬಡಿತಗಳನ್ನು ಮತ್ತೆ ಮತ್ತೆ ಬರೆದು ಪುಟ ತುಂಬಿಸಿದ್ದಳು. ಕೆಳಗೆ ಚಿಕ್ಕ ಅಕ್ಷರದಲ್ಲಿ: "ಒಬ್ಬಾಕಿನ ಎಲ್ಲಿಗಾದ್ರೂ ಹೋಗಬೇಕು. ಎಲ್ಲಿಗೆ ಅಂತ ಕೇಳಬಾರದು ಯಾರೂ." ಪುಸ್ತಕ ಮುಚ್ಚಿ ಇದ್ದಲ್ಲೇ ಇಟ್ಟೆ. ಮೊದಲನೆಯದು ಎಲ್ಲರಿಗೂ ಕೇಳುವಂಥದು, ಮನೆ ತುಂಬ ಬಡಿಯುತ್ತಲೇ ಇದ್ದಳಲ್ಲ. ಎರಡನೆಯದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಆ ವಾರವೆಲ್ಲ ನನ್ನ ರೊಟ್ಟಿ ಒಂದು ಕಡೆ ದಪ್ಪ, ಒಂದು ಕಡೆ ತೆಳುವಾದವು.

ಹೊಸ ತಬಲಾ ಜೋಡಿಯ ದರ ವಿಚಾರಿಸಿದೆ. ಒಳ್ಳೆಯದು ನಮಗೆ ನಿಲುಕುವಂತಿರಲಿಲ್ಲ. ನಿಲುಕುವಂಥದ್ದು ಹಗುರ ಕಟ್ಟಿಗೆಯದು, ನೋಡಲು ಚಂದ, ಒಂದು ಮಳೆಗಾಲ ತಡೆಯುವುದಿಲ್ಲ ಎಂದು ಅಂಗಡಿಯವನೇ ಹೇಳಿದ. ಅಷ್ಟರಲ್ಲಿ ಗಂಡ ಗಿರಣಿಯಿಂದ ಒಂದು ಸುದ್ದಿ ತಂದರು. ಆರ್.ಎಚ್. ಕ್ಯಾಂಪಿನಿಂದ, ಅಂದರೆ ಬಂಗಾಲಿ ನಿರಾಶ್ರಿತರಿಗೆ ಸರ್ಕಾರ ಸಿಂಧನೂರಿನ ಹತ್ತಿರ ನೆಲೆ ಮಾಡಿಕೊಟ್ಟ ಊರಿನಿಂದ, ನೆಲ್ಲು ಹೇರಿಕೊಂಡು ಬರುವ ಡ್ರೈವರ್ ಹೇಳಿದನಂತೆ, ಅಲ್ಲಿ ಒಬ್ಬ ಬಂಗಾಲಿ ಮುದುಕರು ಕೈನೋವಿಗೆ ಬಾರಿಸುವುದು ಬಿಟ್ಟಿದ್ದಾರೆ, ತಬಲಾ ಜೋಡಿ ಮಾರಬೇಕೆಂದಿದ್ದಾರೆ ಎಂದು.

ಮಗಳಿಗೆ ಹೇಳದೆ ಹೋದೆ. ಗದ್ದೆಗಳ ನಡುವೆ ಸಾಲಾಗಿ ಮನೆಗಳು, ಅಂಗಳದಲ್ಲಿ ಒಂದು ತುಳಸಿ, ಒಂದು ಸಣ್ಣ ಕೊಳ. ಮುದುಕರು ಕೆಂಪು ಬಟ್ಟೆ ಬಿಚ್ಚಿ ಎರಡನ್ನೂ ಮುಂದಿಟ್ಟರು. ಬಲಗೈಯ ತಬಲಾ ಕಪ್ಪು ಕಟ್ಟಿಗೆಯದು, ಎಡಗೈಯ ಡಗ್ಗಾ ಹಿತ್ತಾಳೆಯದು, ಬದಿಗೆ ಒಂದು ಸಣ್ಣ ತಗ್ಗು ಬಿದ್ದಿತ್ತು. ನಾನು ಕೈಯಿಂದ ತಟ್ಟಿ ನೋಡಿದೆ. ಸದ್ದು ಬಂತು. ಚೌಕಾಸಿ ಮಾಡಿ, ಸ್ವಲ್ಪ ಮುಂಗಡ ಕೊಟ್ಟು, ಇವತ್ತೇ ಒಯ್ಯುತ್ತೇನೆ ಎಂದೆ.

ಅವರು ಬಟ್ಟೆ ಮತ್ತೆ ಮುಚ್ಚಿದರು.

"ಬಾರಿಸೋರು ಯಾರು?"

"ನನ್ನ ಮಗಳು. ಹುಟ್ಟಿದ ದಿನಕ್ಕ ಕೊಡಬೇಕು ಅಂತ. ಆಕಿಗೆ ಇನ್ನಾ ಹೇಳಿಲ್ಲ."

"ಇದು ಸೀರಿ ಅಲ್ಲಮ್ಮ, ನೀವು ನೋಡಿ ಒಯ್ಯಾಕ. ಬಾರಿಸೋ ಕೈ ಬರಬೇಕು. ಆ ಹುಡುಗಿ ನೋಡಲಿ. ಬ್ಯಾಡ ಅಂದ್ರ ನಿಮ್ಮ ರೊಕ್ಕ ನಿಮಗ ವಾಪಸ್."

ವಾಪಸ್ಸು ಬರುವಾಗ ಬಸ್ಸಿನಲ್ಲಿ ಬೇಸರವೇ ಆಗಿತ್ತು. ಕಾಗದ ಸುತ್ತಿ, ದಾರ ಕಟ್ಟಿ, ಬೆಳಿಗ್ಗೆ ಹಾಸಿಗೆಯ ಪಕ್ಕ ಇಟ್ಟು ಅವಳ ಮುಖ ನೋಡಬೇಕೆಂದಿದ್ದೆ. ಆದರೆ ಆ ಸಂತೋಷ ಯಾರದು ಎಂದು ನನ್ನನ್ನು ನಾನೇ ಕೇಳಿಕೊಂಡರೆ, ಅದೂ ನನ್ನದೇ ಆಗಿತ್ತು. ಮನೆಗೆ ಬಂದು ಅವಳಿಗೆ ಎಲ್ಲವನ್ನೂ ಹೇಳಿಬಿಟ್ಟೆ. ಅವಳು ಓದುತ್ತಿದ್ದ ಪುಸ್ತಕ ಮುಚ್ಚಿದಳು, ಮತ್ತೆ ತೆರೆದಳು, ಮತ್ತೆ ಮುಚ್ಚಿದಳು.

"ಎಷ್ಟು ಇಂಚಿಂದು ಐತಿ?" ಎಂದಳು.

"ನನಗೇನು ಗೊತ್ತು?"

"ಬಾಯಿ ಎಷ್ಟು ಅಗಲ ಐತಿ ಅಂತ ನೋಡಬೇಕಲ್ಲ ಬೇ. ಬಾಯಿ ಸಣ್ಣದಾದಷ್ಟೂ ಸುರ ಮ್ಯಾಲೆ. ಭಾಳ ಸಣ್ಣದಾದ್ರ ಗಂಡಸರ ಹಾಡಿಗೆ ಹೊಂದಂಗಿಲ್ಲ."

ಮುಂದಿನ ಭಾನುವಾರ ಅವಳನ್ನು ಕರೆದುಕೊಂಡು ಹೋದೆ. ಅವಳು ಹೋಗುವಾಗ ಒಂದು ಟೇಪು, ಪೌಡರ್ ಡಬ್ಬಿ ಚೀಲದಲ್ಲಿ ಹಾಕಿಕೊಂಡಿದ್ದಳು. ಮುದುಕರ ಮುಂದೆ ಕೂತು ಮೊದಲು ಬಾಯಿ ಅಳೆದಳು. ಐದೂವರೆ ಇಂಚು. ತಲೆಯಾಡಿಸಿದಳು. ಆಮೇಲೆ ತಬಲಾ ಎತ್ತಿ ಭಾರ ನೋಡಿದಳು, ತಿರುಗಿಸಿ ಕಟ್ಟಿಗೆಯಲ್ಲಿ ಹುಳುವಿನ ತೂತಿದೆಯೇ ಎಂದು ಬೆರಳಾಡಿಸಿದಳು. ಕೈಗೆ ಪೌಡರ್ ಸವರಿಕೊಂಡು, ಬೆವರು ತೊಗಲಿಗೆ ತಾಗಬಾರದೆಂದು, ಸಿಂಬಿಯ ಮೇಲೆ ತಬಲಾ ಕೂರಿಸಿದಳು. ಬಾರಿಸಲಿಲ್ಲ. ತೋರುಬೆರಳಿನಿಂದ ಅಂಚಿಗೆ ಒಂದು ಸಲ ತಟ್ಟಿ, ಸ್ವಲ್ಪ ತಿರುಗಿಸಿ, ಇನ್ನೊಂದು ಸಲ ತಟ್ಟಿ, ಹೀಗೆ ಸುತ್ತಲೂ ಹೋದಳು. ಒಂದು ಕಡೆ ಬೆರಳು ನಿಲ್ಲಿಸಿದಳು. ಕಿವಿ ಹತ್ತಿರ ತಂದಳು.

"ಇಲ್ಲಿ ಬ್ಯಾರೆ ಸುರ ಬರಾಕತ್ತೈತಿ," ಎಂದಳು.

ಮುದುಕರು ಸುತ್ತಿಗೆ ಕೊಟ್ಟರು. ಅಂಚಿನ ಹೆಣೆದ ಪಟ್ಟಿಗೆ ಅಲ್ಲಿ ಸುರ ಏರಲೆಂದು ಮೆಲ್ಲಗೆ ಮೇಲಿನಿಂದ ಬಡಿದಳು. ಏರಲಿಲ್ಲ. ತೊಗಲು ಬಿಗಿಯುವ ಚರ್ಮದ ಬಾರಿನ ಕೆಳಗೆ ಸಿಕ್ಕಿಸಿದ್ದ ಕಟ್ಟಿಗೆಯ ಉರುಟು ತುಂಡನ್ನು, ಗಟ್ಟಿಯನ್ನು, ಕೆಳಕ್ಕೆ ಇಳಿಸಿ ಬಾರನ್ನು ಬಿಗಿ ಮಾಡಿದಳು. ಆಗಲೂ ಏರಲಿಲ್ಲ. ತೊಗಲಿನ ನಡುವೆ ದುಂಡಗೆ ಮೆತ್ತಿದ ಕಪ್ಪು ಶಾಯಿಯ ಮೇಲೆ ಬೆರಳಿನಿಂದ ತಟ್ಟಿದಳು. ಸಣ್ಣಗೆ ಕರಿ ಪುಡಿ ಎದ್ದಿತು.

"ಡಗ್ಗಾ ಚಲೋ ಐತಿ. ಆ ತಗ್ಗು ಏನೂ ಮಾಡಂಗಿಲ್ಲ. ಈ ತಬಲಾದ ಕಟ್ಟಿಗಿನೂ ಚಲೋ ಐತಿ. ಆದ್ರ ತೊಗಲು ಸತ್ತೈತ್ರಿ. ಅಂಚಿನ ಕೆಳಗ ಹರಿದೈತಿ. ಶಾಯಿನೂ ಬಿಡಾಕತ್ತೈತಿ."

ನನಗೆ ನಾಚಿಕೆಯಾಯಿತು. ಹಿರಿಯರ ಮನೆಯಲ್ಲಿ ಕೂತು ಅವರ ವಸ್ತುವಿಗೆ ಕುಂದು ಹೇಳುತ್ತಿದ್ದಾಳೆ. "ಸುಮ್ನಿರು" ಎಂದು ಮೊಣಕೈಯಿಂದ ತಿವಿದೆ. ಮುದುಕರು ನಕ್ಕರು.

"ಇದನ್ನ ನಾನು ನಿಮಗ ಹೇಳಿರಲಿಲ್ಲ ಅಮ್ಮಾ. ಆಕಿ ಹೇಳ್ತಾಳೋ ಇಲ್ಲೋ ನೋಡೋಣ ಅಂತ ಇದ್ದೆ."

ಹೊಸ ತೊಗಲು ಹಾಕಿಸಲು ಎಷ್ಟು ಬೀಳುತ್ತದೋ ಅಷ್ಟನ್ನು ದರದಲ್ಲಿ ಕಳೆಯಬೇಕು ಎಂದು ಅವಳೇ ಮಾತಾಡಿದಳು. ನಾನು ನಡುವೆ ಬಾಯಿ ಹಾಕಿದಾಗ ಮುದುಕರು ಕೈಯೆತ್ತಿ ನನ್ನನ್ನು ಸುಮ್ಮನಿರಿಸಿದರು. ಕೊನೆಗೆ ನಾನು ಎಣಿಸಿಕೊಂಡಿದ್ದಕ್ಕಿಂತ ಕಡಿಮೆಗೇ ಬಂತು. ತೊಗಲು ಹಾಕುವವರು ಲಿಂಗಸುಗೂರಿನಲ್ಲಿದ್ದಾರೆ, ಹಲಗಿ, ಢೋಲಕ್, ತಬಲಾ ಎಲ್ಲ ರಿಪೇರಿ ಮಾಡುತ್ತಾರೆ ಎಂದು ಅವರೇ ಅಂಗಡಿಯ ಗುರುತು ಹೇಳಿದರು.

ಮನೆಗೆ ಬರುವಾಗ ಡಗ್ಗಾ ನನ್ನ ತೊಡೆಯ ಮೇಲಿತ್ತು, ತಬಲಾ ಅವಳ ತೊಡೆಯ ಮೇಲೆ. ಗೊರೇಬಾಳದಲ್ಲಿ ಹತ್ತಿದವರೊಬ್ಬರು ಪಕ್ಕದಲ್ಲಿ ಕೂತಿದ್ದರು, "ಮದುವಿ ಐತೇನವ್ವ ಮನ್ಯಾಗ?" ಎಂದು ಕೇಳಿದರು. ಇಬ್ಬರೂ ನಕ್ಕೆವು. ಆ ವರ್ಷದಲ್ಲಿ ನಾವಿಬ್ಬರೂ ಒಟ್ಟಿಗೆ ನಕ್ಕದ್ದು ಅದೇ ಮೊದಲು ಇರಬೇಕು.

ಹುಟ್ಟಿದ ದಿನ ಬೆಳಿಗ್ಗೆ ಅವಳು ತಲೆಗೆ ಎರೆದುಕೊಂಡು ಬಂದು ಕೂತಾಗ ನಾನು ಮನಸ್ಸು ಗಟ್ಟಿ ಮಾಡಿಕೊಂಡು ಹೇಳಿದೆ. "ಈ ತಬಲಾ ನಿಂದು. ಲಿಂಗಸುಗೂರಿಗೆ ಒಬ್ಬಾಕಿನ ಹೋಗಿ ತೊಗಲು ಹಾಕಿಸ್ಕೊಂಡು ಬಾ. ಯಾವ ಬಸ್ಸಿಗೆ ಹೋಗ್ತಿ, ಯಾವಾಗ ಬರ್ತಿ, ನೀನ ನೋಡ್ಕೊ. ನಾ ಬರಂಗಿಲ್ಲ."

ಅವಳು ನನ್ನ ಮುಖವನ್ನೇ ನೋಡಿದಳು. "ಖರೆನಾ?"

"ಖರೆ."

ಅತ್ತೆ ಒಳಗಿಂದ, "ಹೆಣ್ಣುಹುಡುಗಿನ ಒಬ್ಬಾಕಿನ ಕಳಿಸ್ತೀಯೇನು?" ಎಂದರು. "ಕಾಲೇಜಿಗೆ ಹೋಗಂಗಿಲ್ಲೇನ್ರಿ ಅತ್ತಿ?" ಎಂದೆ. ಕಾಲೇಜು ಮಸ್ಕಿಯಲ್ಲೇ ಇದೆ, ನಮ್ಮ ಮನೆಯಿಂದ ನಡೆದರೆ ಕಾಲು ಗಂಟೆ. ಅದು ಅತ್ತೆಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಬಸ್ಸಿಗೆ ದುಡ್ಡೇನೂ ಬೇಕಿರಲಿಲ್ಲ. ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸು ಪುಕ್ಕಟೆ ಆದ ಮೇಲೆ ಆಧಾರ್ ಕಾರ್ಡು ತೋರಿಸಿದರೆ ಸಾಕು. ರಿಪೇರಿಯ ದುಡ್ಡು ಅವಳ ಕೈಗೆ ಕೊಟ್ಟೆ. ನನ್ನ ಫೋನನ್ನೂ ಕೊಟ್ಟೆ. ಭಾನುವಾರ ಒಂಬತ್ತಕ್ಕೆ ತಬಲಾವನ್ನು ಹಳೆಯ ದುಪ್ಪಟ್ಟಿಯಲ್ಲಿ ಸುತ್ತಿ ಎದೆಗವಚಿಕೊಂಡು ಹೊರಟಳು. ತಿರುವಿನಲ್ಲಿ ಹಿಂತಿರುಗಿ ನೋಡುತ್ತಾಳೆ ಎಂದುಕೊಂಡಿದ್ದೆ. ನೋಡಲಿಲ್ಲ.

ಹತ್ತೂವರೆಗೆ ಪಕ್ಕದ ಮನೆಗೆ ಹೋಗಿ ಅವರ ಫೋನಿನಿಂದ ಕರೆ ಮಾಡಿದೆ. ರಿಂಗಾಯಿತು, ಎತ್ತಲಿಲ್ಲ. ಬಸ್ಸಿನ ಸದ್ದಿಗೆ ಕೇಳಿಸಿರಲಿಕ್ಕಿಲ್ಲ ಎಂದುಕೊಂಡೆ. ಹನ್ನೊಂದಕ್ಕೆ ಮತ್ತೆ ಮಾಡಿದೆ. ಎತ್ತಲಿಲ್ಲ. ಹಿಟ್ಟು ಕಲಸಿದೆ, ಬಿಟ್ಟೆ, ಒಲೆ ಹಚ್ಚಿದೆ, ಆರಿಸಿದೆ. ಬಾಗಿಲಲ್ಲಿ ನಿಂತೆ. ಎದುರಿನ ಬೆಟ್ಟದ ಮೇಲೆ ಮೇಯುತ್ತಿದ್ದ ಆಡುಗಳನ್ನು ಎಣಿಸಿದೆ, ನಡುವೆ ಮರೆತೆ. ಹನ್ನೆರಡಕ್ಕೆ ಮೂರನೇ ಸಲ ಮಾಡಿದಾಗಲೂ ರಿಂಗಾಗುತ್ತಲೇ ಇತ್ತು. ರಿಂಗಾಗುತ್ತಿದೆ ಎಂದರೆ ಫೋನು ಎಲ್ಲೋ ಇದೆ. ಅವಳು ಎಲ್ಲಿದ್ದಾಳೆ? ನನ್ನ ತಲೆಯಲ್ಲಿ ಏನೇನು ಬಂತು ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಹೆಣ್ಣುಮಕ್ಕಳ ತಾಯಂದಿರಿಗೆ ಅದನ್ನು ಹೇಳಬೇಕಾಗಿಲ್ಲ.

"ಅತ್ತಿ, ಬರ್ತೀನಿ" ಎಂದವಳೇ ಚಪ್ಪಲಿ ಮೆಟ್ಟಿ ನಡೆದೆ. ಕೈಗೆ ಹಿಟ್ಟು ಹತ್ತಿದ್ದು ಬಸ್ಸು ಹತ್ತಿದ ಮೇಲೆ ಕಂಡಿತು.

ಲಿಂಗಸುಗೂರಿನಲ್ಲಿ ಇಳಿದು ಅಂಗಡಿ ಹುಡುಕಲು ಬಹಳ ಹೊತ್ತು ಬೇಕಾಗಲಿಲ್ಲ. ಗಲ್ಲಿಯ ಕೊನೆಯಲ್ಲಿ ಒಂದು ಸಣ್ಣ ಮಳಿಗೆ, ಮೇಲೆ ಢೋಲಕ್‌ಗಳು ಕುಂಬಳಕಾಯಿಯ ಹಾಗೆ ತೂಗುಬಿದ್ದಿದ್ದವು. ಒಳಗೆ ಬಿಳಿ ಗಡ್ಡದ ಒಬ್ಬರು ತಬಲಾವನ್ನು ಎರಡು ಪಾದಗಳ ನಡುವೆ ಹಿಡಿದು, ಹೊಸ ತೊಗಲಿನ ಅಂಚಿನ ತೂತುಗಳಲ್ಲಿ ಚರ್ಮದ ಬಾರು ಪೋಣಿಸಿ ಜಗ್ಗುತ್ತಿದ್ದರು. ನನ್ನ ಮಗಳು ಎದುರು ಕೂತು, ಬಾರು ಹಾಯುವ ತಬಲಾದ ತಳದ ಬಳೆಯನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದಿದ್ದಳು. ಮುಖ ಬೆವೆತು ಹೋಗಿತ್ತು. ಫೋನು ಅವಳ ಚೀಲದಲ್ಲಿ, ಚೀಲ ಮೂಲೆಯ ಮೊಳೆಗೆ ನೇತಾಡುತ್ತಿತ್ತು. ಪಕ್ಕದ ಮಳಿಗೆಯಲ್ಲಿ ವೆಲ್ಡಿಂಗ್ ನಡೆದಿತ್ತು. ಆ ಸದ್ದಿನಲ್ಲಿ ಯಾರ ಫೋನೂ ಕೇಳಿಸುವಂತಿರಲಿಲ್ಲ.

ಆಗಲೇ ನಾನು ತಿರುಗಿ ಹೋಗಬಹುದಿತ್ತು. ಹೋಗಬೇಕಿತ್ತು. ಆದರೆ ಕಾಲು ಮುಂದಕ್ಕೇ ಬಂದವು, ಬಾಯಿಯಿಂದ ಅವಳ ಹೆಸರೂ ಬಂತು.

ಅವಳು ತಲೆಯೆತ್ತಿದಳು. ಕೈ ಬಿಡಲಿಲ್ಲ, ಬಿಟ್ಟರೆ ಬಾರು ಸಡಿಲಾಗುತ್ತಿತ್ತು.

"ಯಾಕ ಬಂದಿ?"

"ಫೋನ್ ಎತ್ತಲಿಲ್ಲ ನೀ. ಮೂರು ಸಲ ಮಾಡಿದೆ."

"ಕೇಳಿಸಲಿಲ್ಲ."

"ಜೀವ ಹೋದಂಗಾಗಿತ್ತು ನಂದು."

ಗಡ್ಡದವರು ಕೊನೆಯ ಸುತ್ತು ಜಗ್ಗಿ ಗಂಟು ಹಾಕುವವರೆಗೂ ಅವಳು ಬಳೆಯನ್ನು ಒತ್ತಿ ಹಿಡಿದೇ ಇದ್ದಳು. ಆಮೇಲೆ ಎದ್ದು ಹೊರಗೆ ಬಂದಳು. ಬಳೆಯ ಗುರುತು ಅಂಗೈಯಲ್ಲಿ ಕೆಂಪಗೆ ಮೂಡಿತ್ತು.

"ತಬಲಾ ಕೊಟ್ಟಿ, ಅವ್ವ. ಹೋಗೂದು ಕೊಡಲಿಲ್ಲ. ಕೊಟ್ಟಿದ್ದನ್ನ ಮಧ್ಯಾಹ್ನದಾಗ ವಾಪಸ್ ತಗೊಳ್ಳಾಕ ಬಂದಿ."

ಅವಳು ಕೂಗಿ ಹೇಳಿದ್ದರೆ ನಾನೂ ಕೂಗುತ್ತಿದ್ದೆ. ಮೆಲ್ಲಗೆ ಹೇಳಿದಳು. ಗಡ್ಡದವರು ಒಳಗಿಂದಲೇ, "ಆವೋ ಅಮ್ಮಾ, ಕುಂದರ್ರಿ, ಚಾ ತರಸ್ತೀನಿ" ಎಂದರು. ಬೇಡ ಎಂದೆ. ಅವರು ತೊಗಲು ತೋರಿಸಿ, "ಇದು ಇವತ್ತ ಒಯ್ಯಾಕ ಆಗಂಗಿಲ್ಲ. ಹೊಸಾದು ಒಂದ ಸಲ ಜಗ್ಗಿದ್ರ ಸಾಲಂಗಿಲ್ಲ. ಒಂದು ವಾರ ಒಣಗಬೇಕು, ಮತ್ತ ಜಗ್ಗಬೇಕು. ಮುಂದಿನ ಇತ್ವಾರ ಬರ್ರಿ" ಎಂದರು. ಮುಂದಿನ ಭಾನುವಾರ ಬರಲು ಯಾರಿಗೆ ಹೇಳುತ್ತಿದ್ದಾರೆ ಎಂದು ನೋಡಿದೆ. ಅವಳಿಗೆ ಹೇಳುತ್ತಿದ್ದರು.

"ನಾ ಹೋಗ್ತೀನಿ. ನೀ ಕೆಲಸ ಮುಗಿಸ್ಕೊಂಡು ಬಾ," ಎಂದು ಅಲ್ಲಿಂದ ಹೊರಟೆ.

ಬಸ್ ನಿಲ್ದಾಣದಲ್ಲಿ ಮಸ್ಕಿಯ ಮೇಲೆ ಹೋಗುವ ಸಿಂಧನೂರಿನ ಬಸ್ಸು ನಿಂತಿತ್ತು. ಹಿಂದಿನ ಸೀಟಿನಲ್ಲಿ ಕೂತೆ. ಬಸ್ಸು ಹೊರಡಲಿಲ್ಲ. ಕಂಡಕ್ಟರ್ ಎಲ್ಲಿಗೋ ಹೋಗಿದ್ದರು. ನನಗೆ ಇಳಿದು ಬೇರೆ ಬಸ್ಸು ಹಿಡಿಯೋಣ ಅನ್ನಿಸಿತು, ಕೂತಿರೋಣ ಅನ್ನಿಸಿತು, ಅಂಗಡಿಗೆ ಮರಳಿ ಹೋಗಿ ತಪ್ಪಾಯಿತು ಎನ್ನೋಣ ಅನ್ನಿಸಿತು. ಅಷ್ಟರಲ್ಲಿ ಅವಳು ನಿಲ್ದಾಣದೊಳಗೆ ಬಂದದ್ದು ಕಿಟಕಿಯಿಂದ ಕಂಡಿತು. ಬರಿಗೈ. ಒಂದು ಬಸ್ಸಿನ ಬೋರ್ಡು ನೋಡಿದಳು, ಮುಂದೆ ನಡೆದಳು. ಇನ್ನೊಂದರ ಡ್ರೈವರನ್ನು ಏನೋ ಕೇಳಿದಳು. ಒಬ್ಬ ಹುಡುಗ ಅವಳಿಗೆ ತಾಗುವ ಹಾಗೆ ಹಾದುಹೋದ, ಅವಳು ಸರಕ್ಕನೆ ಬದಿಗೆ ಸರಿದು ಅವನನ್ನು ಒಂದು ನೋಟ ನೋಡಿ ತನ್ನ ದಾರಿ ಹಿಡಿದಳು. ನಾನು ಸೀಟಿನಿಂದ ಅರ್ಧ ಎದ್ದಿದ್ದೆ. ಮತ್ತೆ ಕೂತೆ.

ಅವಳು ಹತ್ತಿದ್ದು ನಾನಿದ್ದ ಬಸ್ಸನ್ನೇ. ನನ್ನನ್ನು ನೋಡಿದಳು. ಒಂದು ಗಳಿಗೆ ಮೆಟ್ಟಿಲ ಹತ್ತಿರ ನಿಂತು, ಡ್ರೈವರ್ ಹಿಂದಿನ ಸೀಟಿಗೆ ಹೋಗಿ ಕೂತಳು. ಕಂಡಕ್ಟರ್ ಬಂದಾಗ ತನ್ನ ಕಾರ್ಡು ತಾನೇ ತೆಗೆದು ತೋರಿಸಿ ಟಿಕೆಟ್ ಇಸಿದುಕೊಂಡಳು. ನಾನು ನನ್ನದನ್ನು ತೋರಿಸಿದೆ. ಮಸ್ಕಿ ಬರುವವರೆಗೂ ನಡುವಿನ ಹತ್ತು ಸಾಲುಗಳ ಮೇಲಿಂದ ಅವಳ ಜಡೆಯನ್ನೇ ನೋಡುತ್ತಾ ಕೂತೆ. ಅವಳು ಮೊದಲು ಇಳಿದಳು. ಮನೆಯವರೆಗೂ ಮುಂದೆ ಅವಳು, ಹಿಂದೆ ನಾನು.

ಎರಡು ದಿನ ಅವಳು ನನ್ನ ಜೊತೆ ಮಾತಾಡಲಿಲ್ಲ. ಡಬ್ಬವನ್ನೂ ಬಾರಿಸಲಿಲ್ಲ. ಮನೆ ಎಷ್ಟು ಶಾಂತವಾಗಿತ್ತೆಂದರೆ, ನನಗೆ ಬೇಕೆಂದುಕೊಂಡಿದ್ದ ಆ ಶಾಂತಿಯಲ್ಲಿ ನಾನೇ ಕೂರಲಾರದೆ ಹೋದೆ. ಮೂರನೆಯ ದಿನ ಅತ್ತೆ, ಯಾವತ್ತೂ ಅವಳ ಸದ್ದಿಗೆ ಗೊಣಗುವವರು, "ಹುಡುಗಿಗೆ ಮೈಗೆ ಸರಿ ಇಲ್ಲೇನು? ಯಾಕ ಬಡಿವಲ್ಲಳು?" ಎಂದು ಕೇಳಿದರು.

ಅವತ್ತು ಸಂಜೆ ಅವಳು ಖಾನಾವಳಿಗೆ ಕೊಡುವ ರೊಟ್ಟಿ ಹತ್ತರಂತೆ ಜೋಡಿಸುತ್ತಿದ್ದಾಗ ನಾನು ಹೇಳಿದೆ. "ಅವತ್ತು ನಾ ಬಂದಿದ್ದು ತಪ್ಪಾತು. ಮುಂದಿನ ಇತ್ವಾರ ನೀ ಹೋಗು. ಫೋನ್ ಒಯ್ಯಬ್ಯಾಡ."

"ಫೋನ್ ಯಾಕ ಒಯ್ಯಬಾರದು?"

"ನಿನ್ನ ಕೈಯಾಗ ಫೋನ್ ಇತ್ತಂದ್ರ ನಾ ಮಾಡ್ತೀನಿ. ಇರಲಿಲ್ಲಂದ್ರ ಮಾಡಾಕ ಬರಂಗಿಲ್ಲ."

ಅವಳು ಹತ್ತು ರೊಟ್ಟಿಯ ಒಂದು ಕಟ್ಟನ್ನು ಬದಿಗಿಟ್ಟಳು. "ಒಯ್ತೀನಿ. ತಡ ಆಗೂದಿದ್ರ ನಾನ ಮಾಡ್ತೀನಿ. ನೀ ಮಾಡಬ್ಯಾಡ. ಮತ್ತ ಇನ್ನೊಂದು. ಜ್ವಾಳದ ಕ್ವಾಣಿಗೆ ಒಳಗಿಂದ ಚಿಲಕ ಬೇಕು."

"ಯಾಕ?"

"ಬಾರಿಸೋ ಮುಂದ ಯಾರೂ ಬಂದು ಕರೀಬಾರದು."

ಅವಳ ಅಪ್ಪ ಮರುದಿನ ಗಿರಣಿಯಿಂದ ಬರುವಾಗ ಒಂದು ಕಬ್ಬಿಣದ ಚಿಲಕ ಮತ್ತು ನಾಲ್ಕು ಸ್ಕ್ರೂ ತಂದರು. ಜೋಳದ ಚೀಲಗಳನ್ನು ನಾವು ಒಂದು ಗೋಡೆಗೆ ಒಟ್ಟಿದೆವು. ಅದು ಬಹಳ ಅಗ್ಗದ ಚಿಲಕ, ಆದರೆ ಅವಳು ಅದನ್ನು ಹಾಕಿ ತೆಗೆದು, ಹಾಕಿ ತೆಗೆದು ನೋಡಿದ ಹಾಗೆ ಬೆಳ್ಳಿಯ ಗೆಜ್ಜೆಯನ್ನೂ ನೋಡುತ್ತಿರಲಿಲ್ಲ.

ಮುಂದಿನ ಭಾನುವಾರ ಅವಳು ಹೋದಳು. ನಾನು ಇಡೀ ದಿನ ರೊಟ್ಟಿ ಬಡಿದೆ. ಗಿರಾಕಿ ಕೇಳಿದ್ದಕ್ಕಿಂತ ಹೆಚ್ಚು ಬಡಿದೆ. ಹಲವು ಸೀದು ಹೋದವು. ಪಕ್ಕದ ಮನೆಯಾಕೆ ತಾನೇ ಬಂದು, "ಫೋನ್ ಮಾಡಬೇಕೇನಕ್ಕ?" ಎಂದು ಕೇಳಿದಾಗ, ಅವಳ ಕೈಯಲ್ಲಿದ್ದ ಫೋನನ್ನು ನೋಡಿದೆ, ಒಲ್ಲೆ ಎಂದೆ. ನಾಲ್ಕಕ್ಕೆ ಬರುತ್ತೇನೆ ಎಂದಿದ್ದಳು. ನಾಲ್ಕಾಯಿತು, ನಾಲ್ಕೂವರೆಯಾಯಿತು. ನಾಲ್ಕು ಮುಕ್ಕಾಲಿಗೆ ಪಕ್ಕದ ಮನೆಯಾಕೆ ಕೂಗಿದಳು: "ನಿನ್ನ ಮಗಳು ಮಾಡ್ಯಾಳ! ಬಸ್ಸಿನ ಚಕ್ರ ಪಂಚರ್ ಆಗೈತಂತ, ಬ್ಯಾರೆ ಬಸ್ಸಿಗೆ ಬರಾಕತ್ತಾಳಂತ!" ನಾನು ಬಾಗಿಲಿನ ಮೆಟ್ಟಿಲ ಮೇಲೆ ಕೂತುಬಿಟ್ಟೆ.

ಅವಳು ಬಂದಾಗ ತಲೆತುಂಬ ಧೂಳು, ಬಗಲಲ್ಲಿ ತಬಲಾ. ಬಂದವಳೇ ಬಾರಿಸುತ್ತಾಳೆ ಎಂದುಕೊಂಡಿದ್ದೆವು. ಅವಳು ಅದನ್ನು ಸಿಂಬಿಯ ಮೇಲಿಟ್ಟು ಬಟ್ಟೆ ಮುಚ್ಚಿದಳು. "ಕುಲುಕಾಡಿ ಬಂದೈತಿ. ಸ್ವಲ್ಪ ಹೊತ್ತು ಸುಮ್ನಿರಲಿ" ಎಂದಳು. ಊಟ ಮಾಡುತ್ತಾ ಹೇಳಿದಳು: ಕಂಡಕ್ಟರ್ ಗಂಟು ನೋಡಿ "ಏನವ್ವ, ಹುಂಜ ಐತೇನು ಒಳಗ?" ಎಂದು ಕೇಳಿದರಂತೆ. ಗಡ್ಡದ ಚಾಚಾ ಅಂಚಿನ ಸುತ್ತ ಹದಿನಾರು ಕಡೆಯೂ ಒಂದೇ ಸುರ ಬರುವವರೆಗೆ ಅವಳ ಕೈಯಿಂದಲೇ ಸುತ್ತಿಗೆ ಹೊಡೆಸಿದರಂತೆ. ಗುರುಗುಂಟಾದಿಂದ ಒಬ್ಬ ಮೇಷ್ಟ್ರು ಭಾನುವಾರ ಅದೇ ಗಲ್ಲಿಗೆ ಬಂದು ನಾಲ್ಕಾರು ಮಕ್ಕಳಿಗೆ ಕಲಿಸುತ್ತಾರಂತೆ. ಅವರ ಹತ್ತಿರ ಮಾತಾಡಿ ಬಂದಿದ್ದಾಳಂತೆ.

"ನಮ್ಮನ್ನ ಕೇಳದ?" ಎಂದರು ಅವಳ ಅಪ್ಪ.

"ಈಗ ಕೇಳಾಕತ್ತೀನಲ್ಲಪ್ಪ," ಎಂದಳು.

ಅವರು ನನ್ನನ್ನು ನೋಡಿದರು. ನಾನು ತಾಟು ನೋಡಿದೆ. ಕಲಿಸುವವರ ಫೀಸಿಗೆ ದಾರಿಯನ್ನೂ ಅವಳೇ ಹುಡುಕಿದ್ದಳು. ಇನ್ನು ಮುಂದೆ ಕಾಲೇಜಿಗೆ ಹೋಗುವ ಮೊದಲು ಖಾನಾವಳಿಗಳಿಗೆ ರೊಟ್ಟಿಯ ಬುಟ್ಟಿ ಮುಟ್ಟಿಸುವುದು ಅವಳ ಕೆಲಸ. ಅದಕ್ಕೆ ನಾನು ಆಟೊದವನಿಗೆ ಕೊಡುತ್ತಿದ್ದದ್ದನ್ನು ಅವಳಿಗೆ ಕೊಡಬೇಕು. ಬೇಡ ಎನ್ನಲು ಕಾರಣ ಸಿಗಲಿಲ್ಲ.

ಈಗ ವರ್ಷವಾಗುತ್ತ ಬಂತು. ಪ್ರತಿ ಭಾನುವಾರ ಹೋಗುತ್ತಾಳೆ. ನನಗೆ ನೆಮ್ಮದಿ ಬಂದಿದೆ ಎಂದು ಹೇಳಿದರೆ ಸುಳ್ಳಾಗುತ್ತದೆ. ಪ್ರತಿ ಭಾನುವಾರವೂ ನಾಲ್ಕಾಗುವ ಮೊದಲೇ ಬಾಗಿಲಿಗೆ ಬಂದು ನಿಲ್ಲುತ್ತೇನೆ. ಮಳೆಗಾಲದಲ್ಲಿ ತೊಗಲು ಸಡಿಲಾಗಿ ಸುರ ಇಳಿಯುತ್ತದೆ. ಆಗ ಅವಳೇ ಗಟ್ಟಿಗಳನ್ನು ಇಳಿಸಿ ಬಿಗಿ ಮಾಡುತ್ತಾಳೆ. ಬಿಸಿಲಿಗೆ ಏರಿದಾಗ ಕೆಳಗಿನಿಂದ ಬಡಿದು ಇಳಿಸುತ್ತಾಳೆ. ಜೋಳದ ಕೋಣೆಯಿಂದ ಸದ್ದು ಬರುವಾಗ ಅತ್ತೆ ಕಿವಿಗೆ ಸೆರಗು ಮುಚ್ಚಿಕೊಳ್ಳುತ್ತಾರೆ, ನಿಂತರೆ "ಯಾಕ ನಿಂತಿತು?" ಎನ್ನುತ್ತಾರೆ.

ಹೋದ ತಿಂಗಳು ಸಿಂಧನೂರಿನಲ್ಲಿ ಕಾಲೇಜುಗಳ ಒಂದು ಕಾರ್ಯಕ್ರಮವಿತ್ತು. ಅವಳ ಗೆಳತಿಯೊಬ್ಬಳ ವಚನಗಾಯನಕ್ಕೆ ಇವಳು ತಬಲಾ. ಹಿಂದಿನ ದಿನ ರಾತ್ರಿ ಊಟಕ್ಕೆ ಕೂತಾಗ, "ಬರೂದಾದ್ರ ಬಾ. ಆದ್ರ ಮುಂದ ಕುಂದರಬ್ಯಾಡ" ಎಂದಳು.

ನಾನು ಕೊನೆಯ ಸಾಲಿನಲ್ಲಿ, ಕಂಬದ ಪಕ್ಕ ಕೂತೆ. ವೇದಿಕೆ ಬಹಳ ದೂರವಿತ್ತು, ಮೈಕು ಒಂದೇ ಇತ್ತು. ಗೆಳತಿಯ ದನಿಯೇ ಹೆಚ್ಚು ಕೇಳಿಸುತ್ತಿತ್ತು. ಇವಳು ತಲೆ ತಗ್ಗಿಸಿ ಬಾರಿಸುತ್ತಿದ್ದಳು. ಒಂದು ಕಡೆ ತಲೆಯೆತ್ತಿ ಗೆಳತಿಯನ್ನು ನೋಡಿದಳು, ತುಟಿ ಕಚ್ಚಿದಳು, ಮತ್ತೆ ತಗ್ಗಿಸಿದಳು. ಮುಗಿದ ಮೇಲೆ ಎಲ್ಲರ ಜೊತೆ ನಾನೂ ಚಪ್ಪಾಳೆ ತಟ್ಟಿದೆ.

ಹೊರಗೆ ನಳದ ಹತ್ತಿರ ನೀರು ಕುಡಿಯುತ್ತಾ ಅವಳು ಕೇಳಿದಳು. "ಎರಡನೇ ನುಡಿಯೊಳಗ ತಪ್ಪಿದ್ದು ಗೊತ್ತಾತೇನು?"

"ಇಲ್ಲ."

"ಖರೆನಾ?"

"ನನಗೆಲ್ಲಿ ಗೊತ್ತಾಗ್ತದವ್ವ ಅದೆಲ್ಲ?"

ಅವಳು ಬಾಯಿ ಒರೆಸಿಕೊಂಡಳು. ಸಮಾಧಾನವಾಯಿತೋ ಬೇಸರವಾಯಿತೋ ಮುಖದಲ್ಲಿ ತಿಳಿಯಲಿಲ್ಲ. "ತಾಳದಾಗ ಒಂದು ಮಾತ್ರೆ ಬಿಟ್ಟೆ. ಮುಂದಿನ ಸುತ್ತಿನಾಗ ಹಿಡದೆ," ಎಂದಳು. ಆಮೇಲೆ ಗೆಳತಿಯರು ಚುರುಮುರಿ ತಿನ್ನಲು ಹೋಗುತ್ತಿದ್ದಾರೆ, ತಾನೂ ಹೋಗುತ್ತೇನೆ, ಸಂಜೆಯ ಬಸ್ಸಿಗೆ ಬರುತ್ತೇನೆ ಎಂದು ಹೇಳಿ, ತಬಲಾದ ಚೀಲವನ್ನು ಹೆಗಲಿಗೇರಿಸಿಕೊಂಡು ಹೊರಟಳು. ಡಗ್ಗಾವನ್ನು ನನ್ನ ಕೈಗೆ ಕೊಟ್ಟಳು. "ಇದು ಭಾರ ಐತಿ, ಮನಿಗೆ ಒಯ್ಯಿ. ಬಿಸಲಾಗ ಇಡಬ್ಯಾಡ," ಎಂದಳು.